ಮೂರು ದಿನ ಡ್ರಾಫ್ಟಲ್ಲೇ ಕೂತ ಮೇಲ್

ಹೋದ ವಾರ ರಾತ್ರಿ ತಂಗಿ ಫೋನ್ ಮಾಡಿದ್ಲು. ಒಂದು ಕಡೆ ಕೆಲ್ಸ ಸಿಕ್ಕಿದೆ, ಆಫರ್ ಲೆಟರ್‌ಗೆ ಸೈನ್ ಹಾಕಿ ಅವತ್ತು ಮಧ್ಯಾಹ್ನನೇ ಕಳ್ಸಿದಾಳೆ, ಅವರಿಂದ ಕನ್ಫರ್ಮೇಶನ್ನೂ ಬಂದಿದೆ. ಖುಷಿಯಾಗಿರ್ಬೇಕಾದೋಳು ದನಿ ಸಣ್ಣ ಮಾಡ್ಕೊಂಡು ಮಾತಾಡ್ತಿದ್ಲು. "ಅಕ್ಕಾ, ಇನ್ನೊಂದು ಕಡೆ ಎರಡು ರೌಂಡ್ ಆಗೋಗಿದೆ ಕಣೇ, ಗುರುವಾರ ಕೊನೇ ರೌಂಡು, ನಾಲ್ಕು ಜನ ಕೂತ್ಕೋತಾರಂತೆ. ಅವ್ರಿಗೆ ಏನಂತ ಬರೀಲಿ? ಸಂಜೆಯಿಂದ ಬರ್ದು ಬರ್ದು ಅಳಿಸ್ತಾ ಇದೀನಿ." ಬರೆದಷ್ಟನ್ನೇ ಕಳ್ಸು ನೋಡೋಣ ಅಂದೆ. ಬಂತು. ಫೋನಲ್ಲಿ ಎರಡು ಸಲ ಸ್ಕ್ರೋಲ್ ಮಾಡ್ಬೇಕಾಗೋ ಅಷ್ಟುದ್ದ. ಮೊದಲ ಪ್ಯಾರಾ ಪೂರ್ತಿ ಆ ಸಂಸ್ಥೆ ಬಗ್ಗೆ ಅವಳಿಗಿರೋ ಗೌರವ, ಎರಡನೇದ್ರಲ್ಲಿ ಈ ನಿರ್ಧಾರ ಎಷ್ಟು ಕಷ್ಟ ಆಯ್ತು ಅನ್ನೋದು, ಮೂರನೇದ್ರಲ್ಲಿ ಮನೆ ಪರಿಸ್ಥಿತಿ. ತಾನು ಬರಲ್ಲ ಅನ್ನೋ ವಿಷ್ಯ ಎಲ್ಲಿದೆ ಅಂತ ಹುಡುಕಿದ್ರೆ ನಾಲ್ಕನೇ ಪ್ಯಾರಾದ ಮಧ್ಯದಲ್ಲಿ ಸಿಕ್ತು, ಅದೂ "ಮುಂದುವರೆಯುವುದು ಕಷ್ಟವಾಗಬಹುದೇನೋ" ಅನ್ನೋ ರೂಪದಲ್ಲಿ.

ಓದ್ತಾ ಇದ್ದಂಗೆ ನಂಗೆ ನಾನೇ ಬರೆದಿದ್ದ ಒಂದು ಮೇಲ್ ನೆನಪಾಯ್ತು. ಎಷ್ಟೋ ವರ್ಷ ಆಗಿದೆ, ಆದ್ರೂ ಅದನ್ನ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗತ್ತೆ.

ನಾನು ತಡ ಮಾಡಿದ ಸಲ

ಆಗ ನಂಗೆ ಶುಕ್ರವಾರ ಸಂಜೆ ಒಂದು ಕಡೆ ಆಫರ್ ಬಂತು, ಅವತ್ತೇ ಒಪ್ಕೊಂಡೆ. ಇನ್ನೊಂದು ಕಂಪನಿಯಲ್ಲಿ ಮಂಗಳವಾರ ಬೆಳಿಗ್ಗೆ 10 ಗಂಟೆಗೆ ಇಂಟರ್‌ವ್ಯೂ ಇತ್ತು. ಅಲ್ಲಿನ ಮ್ಯಾನೇಜರ್ ಹಿಂದಿನ ರೌಂಡಲ್ಲಿ ನನ್ನ ಜೊತೆ ಒಂದೂವರೆ ಗಂಟೆ ಮಾತಾಡಿದ್ರು, ಬರೀ ಪ್ರಶ್ನೆ ಕೇಳೋದಲ್ಲ, ಟೀಮಲ್ಲಿ ಏನು ಸರಿಯಿಲ್ಲ ಅನ್ನೋದನ್ನೂ ಮುಚ್ಚುಮರೆ ಇಲ್ದೆ ಹೇಳಿದ್ರು. ಅಂಥವರಿಗೆ ಒಂದು ಸಾಲಲ್ಲಿ ಬರಲ್ಲ ಅಂತ ಹೇಳೋದು ಹೆಂಗೆ ಅಂತ ಅನ್ನಿಸ್ತು. ಚೆನ್ನಾಗಿ ಬರೀಬೇಕು, ಅವರಿಗೆ ಬೇಜಾರಾಗ್ಬಾರ್ದು, ನಾನು ಕೃತಘ್ನಳು ಅನ್ನಿಸ್ಬಾರ್ದು. ಶನಿವಾರ ಬರ್ದೆ, ಓದ್ದೆ, ಸರಿಯಿಲ್ಲ ಅನ್ನಿಸಿ ಡ್ರಾಫ್ಟಲ್ಲಿ ಬಿಟ್ಟೆ. ಭಾನುವಾರ ಇನ್ನೆರಡು ಪ್ಯಾರಾ ಸೇರಿಸ್ದೆ. ಸೋಮವಾರ ಆಫೀಸ್ ಕೆಲ್ಸದ ಮಧ್ಯೆ ಆಗ್ಲಿಲ್ಲ, ಕೊನೆಗೆ ರಾತ್ರಿ ಹನ್ನೊಂದೂವರೆಗೆ ಕಣ್ಣು ಮುಚ್ಕೊಂಡು ಸೆಂಡ್ ಒತ್ತಿದೆ.

ರಿಕ್ರೂಟರ್ ಮಂಗಳವಾರ ಬೆಳಿಗ್ಗೆ ಒಂದು ಟ್ರೇನಿಂಗಲ್ಲಿದ್ರು, ಮೇಲ್ ನೋಡಿದ್ದು ಹತ್ತೂವರೆಗೆ. ಅಷ್ಟೊತ್ತಿಗೆ ಮೂರು ಜನ ಕಾಲ್‌ಗೆ ಜಾಯಿನ್ ಆಗಿ, ನನ್ನ ರೆಸ್ಯೂಮೆ ತೆರೆದಿಟ್ಕೊಂಡು, ಇಪ್ಪತ್ತು ನಿಮಿಷ ಕಾದು, ಎದ್ದು ಹೋಗಿದ್ರು. ಅವರಲ್ಲಿ ಒಬ್ರು ಅದಕ್ಕೋಸ್ಕರ ಬೇರೆ ಮೀಟಿಂಗ್ ಬಿಟ್ಟು ಬಂದಿದ್ರಂತೆ. ರಿಕ್ರೂಟರ್ ನಂಗೆ ಫೋನ್ ಮಾಡಿದಾಗ ಬೈತಾರೆ ಅಂದ್ಕೊಂಡೆ, ಬೈಲಿಲ್ಲ. "ಮೇಲ್ ತುಂಬಾ ಚೆನ್ನಾಗಿ ಬರ್ದಿದೀರ. ಆದ್ರೆ ಶುಕ್ರವಾರನೇ ಒಂದು ಸಾಲು ಹಾಕಿದ್ರೆ ಸಾಕಿತ್ತು, ಇನ್ನೊಬ್ರು ಕಾಯ್ತಾ ಇದ್ರು, ಅವರಿಗೆ ಆ ಸ್ಲಾಟ್ ಕೊಡ್ತಿದ್ದೆ" ಅಂದ್ರು. ಅಷ್ಟೇ. ಫೋನ್ ಇಟ್ಟ ಮೇಲೆ ತುಂಬಾ ಹೊತ್ತು ಆ ಕಾಯ್ತಾ ಇದ್ದೋರು ಯಾರಿರ್ಬಹುದು ಅಂತ ಯೋಚ್ನೆ ಮಾಡ್ತಾ ಕೂತಿದ್ದೆ. ನಾನು ಮೂರು ದಿನ ಪದ ಹುಡುಕಿದ್ದು ಅವರ ಮರ್ಯಾದೆಗೆ ಅಂತ ನಂಬ್ಕೊಂಡಿದ್ದೆ, ನಿಜ ಏನಂದ್ರೆ ನನ್ನ ಬಗ್ಗೆ ಅವರಿಗೆ ಒಳ್ಳೇ ಅಭಿಪ್ರಾಯ ಉಳೀಲಿ ಅಂತ ಹುಡುಕ್ತಾ ಇದ್ದೆ.

ಆ ಕಡೆ ಕೂತಾಗ ಕಂಡಿದ್ದು

ಆಮೇಲೆ ಕೆಲವು ವರ್ಷ ನಾನೂ ಇಂಟರ್‌ವ್ಯೂ ಪ್ಯಾನೆಲ್‌ಗಳಲ್ಲಿ ಕೂತೆ. ಅಲ್ಲಿಂದ ನೋಡಿದಾಗ, ಅರ್ಜಿ ಹಾಕಿದವರೊಬ್ರು ಹಿಂದೆ ಸರಿಯೋದು ದೊಡ್ಡ ವಿಷ್ಯನೇ ಅಲ್ಲ, ಅದು ಪ್ರತಿ ನೇಮಕಾತಿಯಲ್ಲೂ ಆಗ್ತಾ ಇರತ್ತೆ. ಒಳ್ಳೇ ಅಭ್ಯರ್ಥಿ ನಾಲ್ಕು ಕಡೆ ಅರ್ಜಿ ಹಾಕಿರ್ತಾರೆ ಅಂತ ಎಲ್ರಿಗೂ ಗೊತ್ತು. ಯಾರೂ ಅದನ್ನ ಅವಮಾನ ಅಂತ ತಗೊಳ್ಳಲ್ಲ. ತೊಂದ್ರೆ ಕೊಡೋದು ಎರಡೇ, ಒಂದು ತಡವಾಗಿ ಗೊತ್ತಾಗೋದು, ಇನ್ನೊಂದು ಅರ್ಧಂಬರ್ಧ ಗೊತ್ತಾಗೋದು.

ತಡ ಆದ್ರೆ ಏನಾಗತ್ತೆ ಅಂತ ಮೇಲೆ ಹೇಳ್ದೆ. ಅರ್ಧಂಬರ್ಧ ಅಂದ್ರೆ ಹೆಂಗಿರತ್ತೆ ಅಂತ ಒಂದು ಸಲ ನೋಡಿದೀನಿ. ಒಬ್ಬ ಹುಡುಗ "ಸದ್ಯಕ್ಕೆ ಬೇರೆ ಅವಕಾಶವನ್ನು ಪರಿಗಣಿಸುತ್ತಿದ್ದೇನೆ, ಆದ್ದರಿಂದ ಈಗ ಮುಂದುವರೆಯಲು ಆಗದಿರಬಹುದು" ಅಂತ ಬರ್ದಿದ್ದ. ನಾವು ಮೂರು ಜನ ಅದನ್ನ ಮೂರು ಥರ ಓದಿದ್ವಿ. ಒಬ್ರು ಹೋಗ್ಬಿಟ್ಟ ಅಂದ್ರು, ಒಬ್ರು ಡೇಟ್ ಮುಂದಕ್ಕೆ ಹಾಕಿ ಅಂತ ಕೇಳ್ತಿದಾನೆ ಅಂದ್ರು, ನಮ್ಮ ಮ್ಯಾನೇಜರ್ "ಸಂಬಳ ಜಾಸ್ತಿ ಕೇಳ್ತಿರೋದು ಕಣ್ರೀ ಅದು" ಅಂದ್ರು. ರಿಕ್ರೂಟರ್ ಅವನಿಗೆ ಎರಡು ಸಲ ಫೋನ್ ಮಾಡಿದ್ರು, ಎತ್ತಲಿಲ್ಲ, ಮುಜುಗರ ಆಗಿರ್ಬೇಕು ಪಾಪ. ಅಷ್ಟು ದಿನ ಲಿಸ್ಟಲ್ಲಿ ಎರಡನೇ ಸ್ಥಾನದಲ್ಲಿದ್ದ ಹುಡುಗೀಗೆ ನಾವು ಹೌದು ಅಂತಾನೂ ಹೇಳಿಲ್ಲ, ಇಲ್ಲ ಅಂತಾನೂ ಹೇಳಿಲ್ಲ. ಒಂದು ವಾರ ಆದ್ಮೇಲೆ ಫೋನ್ ಮಾಡಿದಾಗ ಅವಳು ಬೇರೆ ಕಡೆ ಸೇರ್ಕೊಂಡಿದ್ಲು. ಆ ಹುಡುಗ ಯಾರಿಗೂ ಕೆಟ್ಟದ್ದು ಬಯಸಿರ್ಲಿಲ್ಲ. ಇಲ್ಲ ಅಂತ ನೇರವಾಗಿ ಹೇಳೋದು ಒರಟು ಅಂದ್ಕೊಂಡು ಸುತ್ತಿ ಬಳಸಿ ಹೇಳಿದ್ದ, ಅಷ್ಟೇ.

ಇನ್ನೊಂದು ಸಣ್ಣ ವಿಷ್ಯ. ರಿಕ್ರೂಟರ್‌ಗಳು ಬಳಸೋ ಸಾಫ್ಟ್‌ವೇರಲ್ಲಿ ಒಬ್ರ ಅರ್ಜಿ ಮುಚ್ಚುವಾಗ ಸಾಮಾನ್ಯವಾಗಿ ಒಂದು ಕಾರಣ ಆರಿಸ್ಬೇಕಾಗತ್ತೆ, ನಾವೇ ಬೇಡ ಅಂದ್ವಿ, ಅಭ್ಯರ್ಥಿ ಹಿಂದೆ ಸರಿದ್ರು, ಇಂಟರ್‌ವ್ಯೂಗೆ ಬರ್ಲೇ ಇಲ್ಲ, ಹಿಂಗೆ. ನಾಲ್ಕು ವರ್ಷ ಬಿಟ್ಟು ಅದೇ ಜಾಗಕ್ಕೆ ಮತ್ತೆ ಅರ್ಜಿ ಹಾಕಿದ್ರೆ ಹಳೇ ದಾಖಲೆ ಅಳಿಸದೇ ಇದ್ರೆ ಅದು ಕಣ್ಣಿಗೆ ಬೀಳತ್ತೆ. ಹಿಂದೆ ಸರಿದ್ರು ಅನ್ನೋದನ್ನ ಯಾರೂ ತಪ್ಪಾಗಿ ನೋಡಿದ್ದು ನಾನು ಕಂಡಿಲ್ಲ. ಬರ್ಲೇ ಇಲ್ಲ ಅನ್ನೋದನ್ನ ನೋಡಿ ಹುಬ್ಬೇರಿಸಿದ್ದನ್ನ ಕಂಡಿದೀನಿ.

ಯಾವಾಗ, ಯಾರಿಗೆ

ತಂಗಿಗೆ ಮೊದಲು ಕೇಳಿದ್ದು, "ಸೈನ್ ಹಾಕಿ ಆಗಿದೆ ತಾನೇ, ಬರೀ ಫೋನಲ್ಲಿ ಹೇಳಿದ್ದಲ್ವಲ್ಲ?" ಅಂತ. ಯಾಕಂದ್ರೆ ಫೋನಲ್ಲಿ "ನೀವು ಸೆಲೆಕ್ಟ್ ಆಗಿದೀರ, ಲೆಟರ್ ಕಳಿಸ್ತೀವಿ" ಅಂದಿದ್ದನ್ನೇ ನಂಬಿ ಉಳಿದ ಕಡೆ ಎಲ್ಲಾ ಬೇಡ ಅಂದುಬಿಟ್ಟು, ಆಮೇಲೆ ಆ ಲೆಟರ್ ಬರದೇ ಇರೋದೂ ಉಂಟು. ಲೆಟರ್ ಕೈಗೆ ಬರ್ಬೇಕು, ಅದ್ರಲ್ಲಿ ಹುದ್ದೆ, ಸಂಬಳ, ಸೇರೋ ತಾರೀಖು ಇರ್ಬೇಕು, ಸೈನ್ ಹಾಕಿ ಕಳಿಸಿದ ಮೇಲೆ ಸಿಕ್ತು ಅಂತ ಅವರಿಂದ ಉತ್ತರ ಬರ್ಬೇಕು. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಆದ್ಮೇಲೇ ಆಫರ್ ಖಾಯಂ ಅಂತ ಲೆಟರಲ್ಲಿ ಷರತ್ತು ಇರತ್ತೆ ಎಷ್ಟೋ ಸಲ, ನಿಮ್ಮ ದಾಖಲೆಗಳೆಲ್ಲ ಸರಿಯಾಗಿದ್ರೆ ಅದಕ್ಕೆ ಹೆದರಬೇಕಾಗಿಲ್ಲ, ಆದ್ರೆ ಹಳೇ ಕೆಲ್ಸದ ತಾರೀಖಲ್ಲೋ ಸರ್ಟಿಫಿಕೇಟಲ್ಲೋ ಏನಾದ್ರೂ ಗೊಂದಲ ಇದ್ರೆ ಅದನ್ನ ಮೊದಲು ಅವರ ಹತ್ರ ಬಗೆಹರಿಸ್ಕೊಳ್ಳೋದು ಒಳ್ಳೇದು. ಇದೆಲ್ಲಾ ಆದ ಮೇಲೆ ಮಾತ್ರ ಅವತ್ತೇ, ಅದೇ ದಿನ ಬರೀಬೇಕು, ಮಾರನೇ ದಿನ ಅಲ್ಲ.

ಲೆಟರ್ ಇನ್ನೂ ಬಂದಿಲ್ಲ, ಇಂಟರ್‌ವ್ಯೂ ಮಾತ್ರ ನಾಳೆ ಇದೆ ಅನ್ನೋ ಸ್ಥಿತಿಯಲ್ಲಿ ಏನು ಮಾಡೋದು ಅಂತ ತುಂಬಾ ಜನ ಕೇಳ್ತಾರೆ. ಆಗ ಹಿಂದೆ ಸರಿಯೋದೂ ಬೇಡ, ಸುಮ್ನಿರೋದೂ ಬೇಡ. "ಬೇರೆ ಕಡೆಯ ಉತ್ತರ ಎರಡು ದಿನದಲ್ಲಿ ಬರುತ್ತೆ, ಇಂಟರ್‌ವ್ಯೂ ಮುಂದಕ್ಕೆ ಹಾಕೋಕೆ ಆಗುತ್ತಾ" ಅಂತ ಇದ್ದಿದ್ದನ್ನ ಇದ್ದಂಗೆ ಕೇಳಿ. ಆಗಲ್ಲ ಅಂದ್ರೆ ಹೋಗಿ ಮಾತಾಡಿ ಬನ್ನಿ. ಸೈನ್ ಹಾಕೋವರೆಗೂ ನೀವು ನಿಜವಾಗ್ಲೂ ಅಭ್ಯರ್ಥಿನೇ, ಅದ್ರಲ್ಲಿ ಮೋಸ ಏನಿಲ್ಲ. ಸೈನ್ ಹಾಕಿದ ಮೇಲೂ ಸುಮ್ನೆ ನೋಡೋಣ ಅಂತ ಹೋಗಿ ಕೂರೋದು ಮಾತ್ರ ನಂಗೆ ಸರಿ ಕಾಣಲ್ಲ. (ಒಪ್ಕೊಂಡಿರೋ ಆಫರನ್ನೇ ಬಿಡೋದು ಬೇರೆ ಕಥೆ, ಅದಕ್ಕೆ ಇಂಥ ನಾಲ್ಕು ಸಾಲು ಸಾಲಲ್ಲ, ಅದನ್ನ ಇಲ್ಲಿ ಎತ್ತಲ್ಲ.)

ಯಾರಿಗೆ ಅನ್ನೋದು ಸುಲಭ. ನಿಮ್ಮ ಜೊತೆ ಮಾತಾಡ್ತಾ ಇದ್ದ ರಿಕ್ರೂಟರ್‌ಗೆ, ಅದೂ ಇಂಟರ್‌ವ್ಯೂ ಟೈಮ್ ಫಿಕ್ಸ್ ಮಾಡಿದ ಅದೇ ಮೇಲ್‌ಗೆ ರಿಪ್ಲೈ ಆಗಿ. ಹೊಸ ಮೇಲ್ ಕಳಿಸಿದ್ರೆ ನೂರು ಅರ್ಜಿಗಳ ಮಧ್ಯೆ ಅವರು ನಿಮ್ಮನ್ನ ಹುಡುಕ್ಬೇಕು. ಕನ್ಸಲ್ಟೆನ್ಸಿ ಮೂಲಕ ಹೋಗಿದ್ರೆ ಅವರಿಗೇ ಮೊದಲು ಹೇಳ್ಬೇಕು, ನಿಮ್ಮನ್ನ ಮುಂದಿಟ್ಟಿದ್ದು ಅವರು. ಯಾರಾದ್ರೂ ಸ್ನೇಹಿತರು ಒಳಗಿಂದ ರೆಫರ್ ಮಾಡಿದ್ರೆ ಮೇಲ್ ಕಳಿಸೋ ಮುಂಚೆ ಅವರಿಗೊಂದು ಫೋನ್ ಹಾಕಿ, ನಿಮ್ಮ ಪರವಾಗಿ ಒಂದು ಮಾತು ಆಡಿದವರು ಈ ಸುದ್ದೀನ ಬೇರೆಯವರ ಬಾಯಲ್ಲಿ ಕೇಳ್ಬಾರ್ದು. ಇನ್ನು ಅರ್ಜಿ ಹಾಕಿದ ಪೋರ್ಟಲಲ್ಲಿ ಅರ್ಜಿ ವಾಪಸ್ ತಗೊಳ್ಳೋ ಬಟನ್ ಇದ್ರೆ ಅದನ್ನ ಮೇಲ್ ಹೋದ ಮೇಲೆ ಒತ್ತಿ. ಬಟನ್ ಮಾತ್ರ ಒತ್ತಿ ಸುಮ್ನಾದ್ರೆ ರಿಕ್ರೂಟರ್‌ಗೆ ಸೂಚನೆ ಹೋಗತ್ತೆ ಅನ್ನೋ ಗ್ಯಾರಂಟಿ ಇಲ್ಲ, ಕ್ಯಾಲೆಂಡರಲ್ಲಿ ಇಂಟರ್‌ವ್ಯೂ ಹಂಗೇ ಉಳ್ಕೊಳ್ಳತ್ತೆ. ಕ್ಯಾಲೆಂಡರ್ ಇನ್ವೈಟನ್ನ ಡಿಕ್ಲೈನ್ ಮಾಡಿದ್ರೆ ಸಾಕು ಅಂತಾನೂ ಅಲ್ಲ, ಅದನ್ನ ನೋಡಿದವರು ಟೈಮ್ ಹೊಂದ್ತಿಲ್ಲ ಅಂದ್ಕೊಂಡು ಇನ್ನೊಂದು ಟೈಮ್ ಕಳಿಸ್ತಾರೆ.

ಕ್ರಿಯಾಪದ ಕೊನೇಗೆ ಬರೋ ಭಾಷೆ

ಈಗ ತಂಗಿ ಮೇಲ್‌ಗೆ ಬರ್ತೀನಿ. ಅದ್ರಲ್ಲಿ ಒಂದು ವಾಕ್ಯ ಹಿಂಗಿತ್ತು. "ತಮ್ಮ ಸಂಸ್ಥೆಯಲ್ಲಿ ಸಂಪಾದಕಿಯ ಹುದ್ದೆಗಾಗಿ ಕಳೆದ ತಿಂಗಳು ಸಲ್ಲಿಸಿದ್ದ ಹಾಗೂ ತಾವೆಲ್ಲರೂ ಅತ್ಯಂತ ಪ್ರೀತಿಯಿಂದ ಪರಿಗಣಿಸಿದ ನನ್ನ ಅರ್ಜಿಯನ್ನು, ವೈಯಕ್ತಿಕ ಕಾರಣಗಳಿಂದಾಗಿ ಬಹಳ ಯೋಚಿಸಿದ ನಂತರ ಮುಂದುವರೆಸುವುದು ಕಷ್ಟವಾಗಬಹುದೇನೋ ಎಂದು ಅನಿಸುತ್ತಿದೆ." ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೇಲಿ ಬರತ್ತೆ. ವಾಕ್ಯ ಉದ್ದ ಆದಷ್ಟೂ ಏನಾಯ್ತು ಅನ್ನೋದು ಹಿಂದಕ್ಕೆ ಹೋಗತ್ತೆ, ಓದೋರು ಅರ್ಜಿಯನ್ನು, ಅರ್ಜಿಯನ್ನು ಏನು ಮಾಡಿದ್ರು ಅಂತ ಉಸಿರು ಬಿಗಿ ಹಿಡಿದು ಕಾಯ್ಬೇಕು, ಕೊನೆಗೆ ಸಿಗೋದು "ಅನಿಸುತ್ತಿದೆ". ಅದಕ್ಕೇ ಕನ್ನಡದಲ್ಲಿ ಇಂಥದ್ದನ್ನ ಬರೆಯುವಾಗ ವಿಷ್ಯ ಮೊದಲ ವಾಕ್ಯದಲ್ಲಿದ್ರೆ ಸಾಲ್ದು, ಆ ಮೊದಲ ವಾಕ್ಯ ಗಿಡ್ಡವೂ ಆಗಿರ್ಬೇಕು.

ಆಮೇಲೆ ಕಾಲ. "ಒಪ್ಪಿಕೊಳ್ಳಬೇಕೆಂದಿದ್ದೇನೆ" ಅಂತ ಬರೆದ್ರೆ ಬಾಗಿಲು ಇನ್ನೂ ತೆರೆದಿದೆ ಅಂತ ಅರ್ಥ, ಯಾರಾದ್ರೂ ಫೋನ್ ಮಾಡಿ ಜಾಸ್ತಿ ಕೊಡ್ತೀವಿ ಅಂದೇ ಅಂತಾರೆ, ಅದ್ರಲ್ಲಿ ಅವರ ತಪ್ಪೂ ಇಲ್ಲ. "ಒಪ್ಪಿಕೊಂಡಿದ್ದೇನೆ" ಅಂದ್ರೆ ಮುಗೀತು. ಒಂದು ಪದದ ತುದಿ ಬದಲಾದ್ರೆ ಮೇಲ್‌ನ ಅರ್ಥನೇ ಬದಲಾಗತ್ತೆ. ಇಬ್ರೂ ಫೋನಲ್ಲೇ ಕೂತು ಅಳಿಸಿ ಅಳಿಸಿ ಕೊನೆಗೆ ಉಳಿಸ್ಕೊಂಡಿದ್ದು ಇದು:

ವಿಷಯ: ಸಂಪಾದಕಿ ಹುದ್ದೆ – ನನ್ನ ಅರ್ಜಿ ಹಿಂಪಡೆಯುತ್ತಿದ್ದೇನೆ

ನಮಸ್ಕಾರ ಮೇಡಂ,

ಸಂಪಾದಕಿ ಹುದ್ದೆಗೆ ಹಾಕಿದ್ದ ಅರ್ಜಿಯನ್ನು ಹಿಂಪಡೆಯುತ್ತಿದ್ದೇನೆ. ಇವತ್ತು ಬೇರೊಂದು ಕಡೆಯ ಆಫರ್ ಒಪ್ಪಿಕೊಂಡಿದ್ದೇನೆ. ಹಾಗಾಗಿ ಗುರುವಾರ 11 ಗಂಟೆಯ ಇಂಟರ್‌ವ್ಯೂಗೆ ನಾನು ಬರುವುದಿಲ್ಲ, ಆ ಸಮಯವನ್ನು ದಯವಿಟ್ಟು ಬೇರೆಯವರಿಗೆ ಕೊಡಿ.

ಎರಡನೇ ಸುತ್ತಿನಲ್ಲಿ ನಾನು ತಿದ್ದಿದ ಲೇಖನದ ಬಗ್ಗೆ ಸರ್ ಹೇಳಿದ ಮಾತುಗಳು ನನಗೆ ತುಂಬಾ ಉಪಯೋಗವಾದವು, ಅವರಿಗೂ ತಿಳಿಸಿ. ನೀವೆಲ್ಲ ಕೊಟ್ಟ ಸಮಯಕ್ಕೆ ಧನ್ಯವಾದ.

ಕೆಳಗೆ ಅವಳ ಹೆಸರು, ಫೋನ್ ನಂಬರ್. ಅಷ್ಟೇ.

ಹೊಸ ಕಂಪನಿ ಹೆಸರು ಹಾಕಲ್ವಾ ಅಂತ ಕೇಳಿದ್ಲು. ಬೇಡ ಅಂದೆ. ಹೆಸರು ಹಾಕಿದ್ರೆ ಓದೋರು ಹೋಲಿಕೆ ಶುರು ಮಾಡ್ತಾರೆ, ಅವರಿಗೆ ಬೇಕಾಗಿರೋ ವಿಷ್ಯ ನೀನು ಬರಲ್ಲ ಅನ್ನೋದು ಮಾತ್ರ. ಸಂಬಳ, ಮನೆಗೆ ಹತ್ರ, ಇಂಥ ಕಾರಣಾನೂ ಬೇಡ, ಪ್ರತಿ ಕಾರಣಕ್ಕೂ ಒಂದು ಪರಿಹಾರ ಹುಡುಕೋದು ರಿಕ್ರೂಟರ್ ಕೆಲ್ಸ. ಕ್ಷಮೆ ಎಲ್ಲೂ ಕೇಳಿಲ್ವಲ್ಲ ಅಂದ್ಲು. ಆಫರ್ ಒಪ್ಕೊಂಡ ದಿನಾನೇ ಹೇಳ್ತಿದೀಯ, ಇಂಟರ್‌ವ್ಯೂಗೆ ಇನ್ನೂ ಎರಡು ದಿನ ಇದೆ, ಕ್ಷಮೆ ಕೇಳೋ ಅಂಥದ್ದು ಏನಾಗಿದೆ? ನಾನು ಅವತ್ತು ಸೋಮವಾರ ರಾತ್ರಿ ಕಳಿಸಿದ ಮೇಲ್‌ಗೆ ಒಂದು ಕ್ಷಮೆ ಬೇಕಿತ್ತು, ಯಾಕಂದ್ರೆ ತಡ ನನ್ನಿಂದಾಗಿತ್ತು. ಅದ್ರಲ್ಲಿ ಆರು ಸಲ ಕ್ಷಮಿಸಿ ಅಂತಿತ್ತು, ತಡ ಆಯ್ತು ಅನ್ನೋದಕ್ಕೆ ಮಾತ್ರ ಒಂದೂ ಇರ್ಲಿಲ್ಲ.

ಅವಳು ಹಟ ಮಾಡಿ ಉಳಿಸ್ಕೊಂಡಿದ್ದು ಆ ಲೇಖನದ ಸಾಲು. ನಾನು ಮೊದಲು ಅದೂ ಬೇಡ ಅಂದಿದ್ದೆ. ಆಮೇಲೆ ಅವಳು ಹೇಳಿದ್ಲು, ಇವಳು ತಿದ್ದಿದ ಲೇಖನದ ಬಗ್ಗೆ ಆ ಸರ್ ಇಪ್ಪತ್ತು ನಿಮಿಷ ಮಾತಾಡಿದ್ರಂತೆ, ಎಲ್ಲಿ ಲೇಖಕರ ದನಿಯನ್ನೇ ಇವಳು ಅಳಿಸಿಬಿಟ್ಟಿದಾಳೆ ಅಂತ ತೋರಿಸಿದ್ರಂತೆ, ಅದನ್ನ ಹೊಸ ಕೆಲ್ಸಕ್ಕೂ ಒಯ್ತೀನಿ ಅಂದ್ಲು. ಅದು ಅವರಿಗೆ ಬಿಟ್ಟು ಬೇರೆ ಯಾರಿಗೂ ಬರೆಯೋಕಾಗದ ಸಾಲು, ಹಾಗಾಗಿ ಅವಳು ಹೇಳಿದ್ದೇ ಸರಿ. ತಮ್ಮ ಸಂಸ್ಥೆ ಇನ್ನೂ ಎತ್ತರಕ್ಕೆ ಬೆಳೆಯಲಿ ಅನ್ನೋ ಸಾಲು ಹತ್ತು ಕಂಪನಿಗೆ ಹೊಂದತ್ತೆ, ಅದನ್ನ ತೆಗೆಸ್ದೆ. ಮುಂದೆ ಅವಕಾಶ ಇದ್ರೆ ನನ್ನನ್ನ ನೆನಪಿಟ್ಕೊಳ್ಳಿ ಅನ್ನೋದನ್ನೂ ಅವಳೇ ತೆಗೆದ್ಲು, ಹೊಸ ಜಾಗಕ್ಕೆ ಇನ್ನೂ ಕಾಲಿಟ್ಟಿಲ್ಲ, ಈಗ್ಲೇ ಅದನ್ನ ಬರೆದ್ರೆ ನಿಜ ಅಲ್ಲ ಅನ್ನಿಸತ್ತೆ ಅಂತ. ಇಂಟರ್‌ವ್ಯೂನೇ ಆಗದೆ ಬರೀ ಅರ್ಜಿ ಹಾಕಿದ್ದ ಇನ್ನೂ ಎರಡು ಕಡೆ ಇತ್ತು, ಅಲ್ಲಿಗೆ ಎರಡೆರಡು ಸಾಲು ಸಾಕಾಯ್ತು, ಒಂದ್ರಲ್ಲಿ ಒಂದೇ ಸಂಸ್ಥೆಗೆ ಎರಡು ಹುದ್ದೆಗೆ ಅರ್ಜಿ ಹಾಕಿದ್ಲು, ಎರಡೂ ಹುದ್ದೆಯ ಹೆಸರು ಬರ್ದು ಎರಡನ್ನೂ ಹಿಂಪಡೆಯುತ್ತಿದ್ದೇನೆ ಅಂತ ಸೇರಿಸಿದ್ವಿ.

ಮಾರನೇ ದಿನ

ಮೇಲ್ ಹೋಗಿದ್ದು ಮಂಗಳವಾರ ರಾತ್ರಿ ಹತ್ತು ದಾಟಿದ ಮೇಲೆ. ಬುಧವಾರ ಬೆಳಿಗ್ಗೆ ಆ ಮೇಡಂ ಫೋನ್ ಮಾಡಿದ್ರಂತೆ, ಇವಳಿಗೆ ಎದೆ ಡವಡವ. ಎತ್ತು, ಎತ್ತದೇ ಇರ್ಬೇಡ ಅಂತ ನಾನು ಮೊದಲೇ ಹೇಳಿಟ್ಟಿದ್ದೆ. ಅವರು ಕೇಳಿದ್ದು ಅದೇ, ಎಷ್ಟು ಕೊಡ್ತಿದಾರೆ, ನಾವು ಸ್ವಲ್ಪ ಯೋಚ್ನೆ ಮಾಡ್ಬಹುದಿತ್ತು ಅಂತ. ಇವಳು "ಕೇಳಿದ್ದಕ್ಕೆ ನಿಜವಾಗ್ಲೂ ಥ್ಯಾಂಕ್ಸ್ ಮೇಡಂ, ಆದ್ರೆ ನಾನು ಸೈನ್ ಮಾಡಿ ಆಗಿದೆ, ಅವರಿಗೆ ಮಾತು ಕೊಟ್ಟಿದೀನಿ" ಅಂದಿದಾಳೆ. ಅವರು ಒಂದು ಕ್ಷಣ ಸುಮ್ನಿದ್ದು, ಸರಿಯಮ್ಮ, ಒಳ್ಳೇದಾಗ್ಲಿ, ಬೇಗ ಹೇಳಿದ್ದು ಒಳ್ಳೇದಾಯ್ತು ಅಂದ್ರಂತೆ. ಸಂಜೆ ಇವಳಿಗೆ ಕ್ಯಾಲೆಂಡರಿಂದ ಇಂಟರ್‌ವ್ಯೂ ರದ್ದಾಗಿದೆ ಅಂತ ಸೂಚನೆ ಬಂತು.

ರಾತ್ರಿ ನಂಗೆ ಮತ್ತೆ ಫೋನ್. "ಅಕ್ಕಾ, ಗುರುವಾರ 11 ಗಂಟೆಗೆ ಈಗ ಯಾರು ಹೋಗ್ತಿರ್ಬಹುದು?" ಅಂದ್ಲು. ಗೊತ್ತಿಲ್ಲ ಕಣೇ ಅಂದೆ. ಇಬ್ರೂ ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ಅವಳು ಪೋರ್ಟಲ್ ತೆರೆದು ಬಟನ್ ಎಲ್ಲಿದೆ ಅಂತ ಹುಡುಕೋಕೆ ಶುರು ಮಾಡಿದ್ಲು.